‘ಹೇಗೋ ನಡೀತಿದೆ’ ಎನ್ನುವ ಮಾತಿನ ಹಿಂದೆ: ದಿನಚರಿಯ ಕೊರತೆಯಿಂದ ಉದ್ಯಮದ ಯೋಚನೆಗೆ

ನಮ್ಮ ಅಮ್ಮನ ಅಡುಗೆಮನೆಯಲ್ಲಿ ಎರಡು ಒಗ್ಗರಣೆ ಡಬ್ಬಿಗಳಿವೆ. ಒಂದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ. ಇನ್ನೊಂದರ ಏಳು ಬಟ್ಟಲುಗಳಲ್ಲಿ ಮಾತ್ರೆ. ನಡುವಿನ ಬಟ್ಟಲು ಭಾನುವಾರದ್ದು, ಸುತ್ತಲಿನ ಆರು ಬಟ್ಟಲು ಸೋಮವಾರದಿಂದ ಶನಿವಾರದವರೆಗೆ. ಬೆಳಗಿನ ಮಾತ್ರೆಗಳನ್ನು ಪೇಪರ್ ಚೂರಿನಲ್ಲಿ ಮಡಿಸಿ ಇಡುತ್ತಾರೆ, ರಾತ್ರಿಯವು ಹಾಗೇ ಬಿಡಿಯಾಗಿರುತ್ತವೆ. ಬಿಪಿ, ಶುಗರ್, ಥೈರಾಯ್ಡ್, ಕ್ಯಾಲ್ಸಿಯಂ ಎಲ್ಲ ಸೇರಿ ದಿನಕ್ಕೆ ಆರು ಮಾತ್ರೆ. ಈ ಏರ್ಪಾಡನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಎರಡು ವರ್ಷದಿಂದ ನಾನು ದಿನವೂ ಆ ಡಬ್ಬಿಯ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದರೂ ಅದನ್ನು ನೋಡಿರಲಿಲ್ಲ.

ಅದನ್ನು ನೋಡುವಂತೆ ಮಾಡಿದ್ದು ಒಂದು ನೋಟ್‌ಬುಕ್. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದವರು, ಡಿಗ್ರಿ ಮುಗಿಸಿದವರು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಏನಾದರೂ ಮಾಡಬೇಕೆಂದಿರುವ ಗೃಹಿಣಿಯರು ಈಗ ಎಲ್ಲ ಊರುಗಳಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಯಾವ ಬಿಸಿನೆಸ್ ಮಾಡಬಹುದು?” ಸಾಲಕ್ಕೆ ದಾರಿಯಿದೆ. ಸ್ವಉದ್ಯೋಗಕ್ಕಾಗಿ ಕೇಂದ್ರ ಸರ್ಕಾರ ನಡೆಸುವ ಪಿಎಂಇಜಿಪಿ ಯೋಜನೆಯಲ್ಲಿ ತಯಾರಿಕೆಯ ಘಟಕಕ್ಕೆ 50 ಲಕ್ಷದವರೆಗಿನ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಅರ್ಜಿ ಹಾಕಬಹುದು. ಆದರೆ ಅರ್ಜಿಯಲ್ಲಿ ‘ಯೋಜನೆಯ ಹೆಸರು’ ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಪಕ್ಕದ ಬೀದಿಯಲ್ಲಿ ನಡೆಯುತ್ತಿರುವುದೇ ನಮ್ಮ ಬೀದಿಗೂ ಬರುತ್ತದೆ: ಇನ್ನೊಂದು ಟೀ ಅಂಗಡಿ, ಇನ್ನೊಂದು ಹಿಟ್ಟಿನ ಗಿರಣಿ, ಇನ್ನೊಂದು ಜೆರಾಕ್ಸ್.

ಯೋಚನೆಯನ್ನು ಹೊರಗೆಲ್ಲೋ ಹುಡುಕುವ ಬದಲು ನಮ್ಮದೇ ದಿನಚರಿಯಿಂದ ಎತ್ತಿಕೊಳ್ಳುವ ಒಂದು ಕ್ರಮವಿದೆ. ಅದನ್ನು ಮಾತ್ರೆ ಡಬ್ಬಿಯ ಉದಾಹರಣೆಯಲ್ಲೇ ಕೊನೆಯವರೆಗೆ ಬಿಡಿಸಿ ನೋಡೋಣ.

ಅಗತ್ಯ ಯಾವುದು, ಆಸೆ ಯಾವುದು

ಏನು ಬೇಕು ಎಂದು ಯಾರನ್ನಾದರೂ ಕೇಳಿದರೆ ಪಟ್ಟಿ ಉದ್ದವಾಗುತ್ತದೆ. ಮನೆ ಮುಂದೆ ಪಾರ್ಕಿಂಗ್ ಇರಬೇಕಿತ್ತು, ತರಕಾರಿ ತಾನೇ ಹೆಚ್ಚಿಕೊಳ್ಳುವಂತಿರಬೇಕಿತ್ತು, ಬಸ್ಸು ಮನೆ ಬಾಗಿಲಿಗೇ ಬರಬೇಕಿತ್ತು. ಇವು ಆಸೆಗಳು. ಇವು ಈಡೇರದಿದ್ದರೂ ನಾಳೆಯ ದಿನ ಇವತ್ತಿನಂತೆಯೇ ಹೋಗುತ್ತದೆ. ಇವಕ್ಕಾಗಿ ಯಾರೂ ಇವತ್ತು ಎದ್ದು ಏನನ್ನೂ ಮಾಡುತ್ತಿಲ್ಲ.

ಅಗತ್ಯ ಹಾಗಲ್ಲ. ಅದು ಈಡೇರದಿದ್ದರೆ ಮನುಷ್ಯ ಸುಮ್ಮನಿರಲಾರ, ಕೈಗೆ ಸಿಕ್ಕಿದ್ದರಲ್ಲೇ ಏನೋ ಒಂದು ಏರ್ಪಾಡು ಮಾಡಿಕೊಳ್ಳುತ್ತಾನೆ. ಏರ್ಪಾಡು ಅರೆಬರೆಯಾಗಿರಬಹುದು, ಆದರೆ ಅದಕ್ಕಾಗಿ ಅವನು ಆಗಲೇ ಹಣವನ್ನೋ ಸಮಯವನ್ನೋ ಖರ್ಚು ಮಾಡುತ್ತಿರುತ್ತಾನೆ. ಒಗ್ಗರಣೆ ಡಬ್ಬಿಯಲ್ಲಿ ಮಾತ್ರೆ ಇಡುವುದು ಅಂಥ ಏರ್ಪಾಡು. ಪೂರೈಕೆಯಾಗದ ಅಗತ್ಯವೆಂದರೆ ಇದೇ: ಕೆಲಸ ಆಗಲೇಬೇಕು, ಅದಕ್ಕೆ ಸರಿಯಾದ ದಾರಿಯಿಲ್ಲ, ಜನ ತಮ್ಮ ಉಪಾಯದಿಂದ ದೂಡುತ್ತಿದ್ದಾರೆ.

ಇದನ್ನು ಕಿವಿಯಿಂದಲೂ ಗುರುತಿಸಬಹುದು. ನಮ್ಮ ಮಾತಿನಲ್ಲಿ ಅದಕ್ಕೊಂದು ಪದ ಇದೆ: ‘ಹೇಗೋ’. “ಹೇಗೋ ಮಾಡ್ಕೊಂಡು ಹೋಗ್ತಿದೀವಿ”, “ಹೇಗೋ ನಡೀತಿದೆ”, “ಹೇಗೋ ಹೊಂದಿಸ್ಕೊಂಡ್ವಿ.” ದೂರು ಹೇಳುವವರು ‘ಹೇಗೋ’ ಎನ್ನುವುದಿಲ್ಲ, ‘ಛೇ’ ಎನ್ನುತ್ತಾರೆ. ‘ಹೇಗೋ’ ಎನ್ನುವವರು ಆ ಕೆಲಸಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ನಮಗೆ ಬೇಕಾದದ್ದು ಆ ಉಪಾಯ.

ಇಡ್ಲಿ-ದೋಸೆ ಹಿಟ್ಟು ಮಾರುವ ಬೆಂಗಳೂರಿನ ಐಡಿ ಫ್ರೆಶ್ ಕಂಪನಿ 2005ರಲ್ಲಿ ಶುರುವಾದದ್ದು ಇಂಥದ್ದೊಂದನ್ನು ನೋಡಿಯೇ. ಬಡಾವಣೆಯ ಅಂಗಡಿಗಳಲ್ಲಿ ಇಡ್ಲಿ-ದೋಸೆ ಹಿಟ್ಟನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದರು. ಹಿಟ್ಟು ಯಾರು ರುಬ್ಬಿದ್ದು, ಯಾವಾಗ ರುಬ್ಬಿದ್ದು ಗೊತ್ತಿಲ್ಲ. ಆದರೂ ಜನ ಕೊಳ್ಳುತ್ತಿದ್ದರು. ‘ಮನೆಯಲ್ಲಿ ರುಬ್ಬದೆ ಹಿಟ್ಟು ಬೇಕು’ ಎಂಬುದಕ್ಕೆ ಜನ ಆಗಲೇ ದುಡ್ಡು ಕೊಡುತ್ತಿದ್ದಾರೆ, ಅನುಮಾನ ಇಟ್ಟುಕೊಂಡೇ ಕೊಡುತ್ತಿದ್ದಾರೆ ಎಂಬುದು ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳಿಗೆ ಆ ರಬ್ಬರ್ ಬ್ಯಾಂಡ್ ಕವರಿನಲ್ಲಿ ಕಾಣಿಸಿತು.

ಹದಿನಾಲ್ಕು ದಿನದ ನೋಟ್‌ಬುಕ್

ಕಷ್ಟ ಇರುವುದು ನೋಡುವುದರಲ್ಲಿ. ದಿನವೂ ಮಾಡುವ ಕೆಲಸ ಅಭ್ಯಾಸವಾಗಿಬಿಡುತ್ತದೆ. ಮನೆಯ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ತೆರೆಯುತ್ತದೆ ಎಂಬುದು ಮನೆಯವರಿಗೆ ಮರೆತೇಹೋಗಿರುತ್ತದೆ, ನೆಂಟರು ಬಂದಾಗಲೇ ನೆನಪಾಗುವುದು. ಅದಕ್ಕೇ ನೆನಪಿನಿಂದ ಪಟ್ಟಿ ಮಾಡಲು ಕೂತರೆ ಆಸೆಗಳು ಬರುತ್ತವೆಯೇ ಹೊರತು ಏರ್ಪಾಡುಗಳು ಬರುವುದಿಲ್ಲ. ಆಗುವಾಗಲೇ ಬರೆಯಬೇಕು.

ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಸಾಕು. ಮೊಬೈಲಿನಲ್ಲೂ ಬರೆಯಬಹುದು, ಆದರೆ ಅದನ್ನು ಕೈಗೆತ್ತಿಕೊಂಡರೆ ಬೇರೆ ಏನೋ ನೋಡುತ್ತ ಕೂರುತ್ತೇವೆ. ಪ್ರತಿ ಸಲ ಬರೆಯಬೇಕಾದ್ದು ನಾಲ್ಕು ಸಂಗತಿ: ಎಷ್ಟು ಹೊತ್ತಿಗೆ ಎಲ್ಲಿದ್ದೆ, ಏನು ಮಾಡಲು ಹೊರಟಿದ್ದೆ, ಎಲ್ಲಿ ತಡೆಯಾಯಿತು, ಅದಕ್ಕೆ ಏನು ಮಾಡಿದೆ. ನಾಲ್ಕನೆಯದೇ ಮುಖ್ಯ. ಅದು ಖಾಲಿ ಉಳಿದರೆ, ಅಂದರೆ ತಡೆಯಾಯಿತು, ಬೈದುಕೊಂಡು ಸುಮ್ಮನಾದೆ ಎಂದಾದರೆ, ಆ ಸಾಲು ಮುಂದೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಆದರೂ ಬರೆದಿಡಿ.

ನನ್ನ ನೋಟ್‌ಬುಕ್ಕಿನ ಐದನೆಯ ದಿನದ ಒಂದು ಸಾಲು ಹೀಗಿದೆ: “ರಾತ್ರಿ 8.40, ಅಡುಗೆಮನೆ. ಅಮ್ಮನಿಗೆ ಮಾತ್ರೆ ಕೊಡಲು ಹೋದೆ. ಸ್ಟ್ರಿಪ್ಪಿನಲ್ಲಿ ಹೆಸರಿರುವ ತುದಿ ಇಲ್ಲ, ಮೆಡಿಕಲ್‌ನವರು ಐದೇ ಮಾತ್ರೆ ಕತ್ತರಿಸಿ ಕೊಟ್ಟಿದ್ದು. ಅಮ್ಮ ಬಣ್ಣ ನೋಡಿ ಹೇಳಿದರು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಚೀಟಿ ಜೊತೆ ತಾಳೆ ಹಾಕಿಸಿದೆ, 12 ನಿಮಿಷ.” ಆ ರಾತ್ರಿ ಇದರಲ್ಲಿ ನನಗೇನೂ ವಿಶೇಷ ಕಾಣಿಸಲಿಲ್ಲ.

ಈ ಹಂತದಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಪರಿಹಾರ ಬರೆಯಬಾರದು. ‘ಇದಕ್ಕೊಂದು ಆ್ಯಪ್ ಮಾಡಬಹುದು’ ಎಂದು ಬರೆದ ಕ್ಷಣದಿಂದ ಕಣ್ಣು ಆ ಆ್ಯಪಿಗೆ ಒಪ್ಪುವುದನ್ನು ಮಾತ್ರ ನೋಡುತ್ತದೆ. ತಲೆಗೆ ಬಂದೇ ಬಂದರೆ ಕೊನೆಯ ಪುಟದಲ್ಲಿ ಗೀಚಿ ಮತ್ತೆ ಮುಂದಕ್ಕೆ ಬನ್ನಿ.

ಹದಿನಾಲ್ಕು ದಿನವೇ ಯಾಕೆಂದರೆ, ಮೊದಲ ಮೂರ್ನಾಲ್ಕು ದಿನ ಕಣ್ಣಿಗೆ ಹೊಡೆಯುವಂಥ ದೊಡ್ಡ ಕಿರಿಕಿರಿಗಳೇ ಸಿಗುತ್ತವೆ: ಟ್ರಾಫಿಕ್, ಕರೆಂಟು, ನೆಟ್‌ವರ್ಕ್. ಅವು ಎಲ್ಲರಿಗೂ ಗೊತ್ತಿರುವವು, ನಮ್ಮ ಕೈ ಮೀರಿದವು. ಒಂದು ವಾರ ಕಳೆದ ಮೇಲೆ ಸಣ್ಣವು ಕಾಣತೊಡಗುತ್ತವೆ. ಎರಡು ವಾರದಲ್ಲಿ ಎರಡು ಭಾನುವಾರ ಬರುವುದರಿಂದ, ವಾರಕ್ಕೊಮ್ಮೆ ಬರುವ ತಡೆ ಮತ್ತೆ ಬಂತೇ ಎಂದೂ ತಿಳಿಯುತ್ತದೆ. ತಿಂಗಳಿಗೊಮ್ಮೆ ಬರುವ ಗ್ಯಾಸು, ರೇಷನ್ನು, ಬಾಡಿಗೆ, ಫೀಸು ಇದರಲ್ಲಿ ತಪ್ಪಿಹೋಗುತ್ತವೆ. ಅದಕ್ಕಾಗಿ ಕೊನೆಯ ದಿನ ಹಿಂದಿನ ತಿಂಗಳಿನ ಬಿಲ್ಲುಗಳನ್ನೂ ಮೊಬೈಲಿನ ಪಾವತಿಗಳನ್ನೂ ಮುಂದಿಟ್ಟುಕೊಂಡು, ಯಾವ ಖರ್ಚು ಬೇರೊಂದು ಕೆಲಸ ಸರಿಯಾಗಿ ಆಗದ್ದರಿಂದ ಬಂತು ಎಂದು ಗುರುತು ಹಾಕಿಕೊಳ್ಳಬೇಕು. ಮರೆತ ಚಾರ್ಜರಿಗೆ ಬದಲು ಕೊಂಡದ್ದು, ಬಸ್ಸು ತಪ್ಪಿ ಆಟೊಗೆ ಕೊಟ್ಟದ್ದು, ಇಂಥವು.

ಬರೆದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು

ಎರಡು ವಾರದ ಕೊನೆಗೆ ನನ್ನ ನೋಟ್‌ಬುಕ್ಕಿನಲ್ಲಿ 53 ಸಾಲುಗಳಿದ್ದವು. ಜರಡಿ ಹಿಡಿಯಲು ಮೂರು ಪ್ರಶ್ನೆ ಸಾಕು. ಇದು ಮತ್ತೆ ಮತ್ತೆ ಬಂದಿದೆಯೇ? ಇದಕ್ಕೆ ಒಂದು ಏರ್ಪಾಡು ಇದೆಯೇ? ಆ ಏರ್ಪಾಡಿಗೆ ಏನು ಖರ್ಚಾಗುತ್ತಿದೆ?

ಮೂರನೆಯದರಲ್ಲಿ ಹಣವನ್ನಷ್ಟೇ ಎಣಿಸಿದರೆ ತಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ಎಷ್ಟೋ ಕೆಲಸ ನಡೆಯುವುದು ಇನ್ನೊಬ್ಬರ ಸಮಯದ ಮೇಲೆ, ಮುಲಾಜಿನ ಮೇಲೆ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು “ಗ್ಯಾಸಿನವರು ಬಂದರೆ ಸ್ವಲ್ಪ ತಗೊಳ್ಳಿ” ಎನ್ನುತ್ತೇವೆ. ನಾಲ್ಕನೆಯ ಸಲ ಕೇಳುವಾಗ ಸಂಕೋಚವಾಗುತ್ತದೆ. ಆ ಸಂಕೋಚವೂ ಖರ್ಚೇ, ಅದನ್ನು ತಪ್ಪಿಸಿಕೊಳ್ಳಲು ಜನ ಹಣ ಕೊಡುತ್ತಾರೆ.

ಮಾತ್ರೆಯ ವಿಷಯ ಹದಿನಾಲ್ಕು ದಿನದಲ್ಲಿ ಒಂಬತ್ತು ಸಲ ಬಂದಿತ್ತು, ಪ್ರತಿ ಸಲವೂ ಬೇರೆ ವೇಷದಲ್ಲಿ. ಒಮ್ಮೆ ಹೆಸರಿಲ್ಲದ ಸ್ಟ್ರಿಪ್. ಒಮ್ಮೆ ಅದೇ ಔಷಧ ಬೇರೆ ಕಂಪನಿಯದು ಬಂದು ಬಣ್ಣ ಬದಲಾಗಿ ಅಮ್ಮ ತೆಗೆದುಕೊಳ್ಳಲು ಹೆದರಿದ್ದು. ಒಮ್ಮೆ ಅವರು ಮಧ್ಯಾಹ್ನ ನನ್ನನ್ನು ಕರೆದು, “ಬೆಳಿಗ್ಗೆ ತಗೊಂಡ್ನೋ ಇಲ್ವೋ ನೆನಪಾಗ್ತಿಲ್ಲ ಕಣೋ, ಬಟ್ಟಲಲ್ಲಿ ಇದೆಯಾ ನೋಡು” ಎಂದದ್ದು. ಬೇರೆ ಬೇರೆ ದಿನ ನೋಡಿದರೆ ಸಂಬಂಧವಿಲ್ಲದ ಸಣ್ಣ ತೊಂದರೆಗಳು. ಒಂದೇ ಪುಟದಲ್ಲಿ ಇಟ್ಟಾಗ ಎಲ್ಲದರ ಬೇರು ಒಂದೇ ಎಂದು ಕಂಡಿತು. ಕೊನೆಯ ಕಾಲಂ ಸೇರಿಸಿ ಲೆಕ್ಕ ಹಾಕಿದರೆ, ನಾನು, ಅಕ್ಕ, ಅಮ್ಮ ಮೂವರೂ ಸೇರಿ ವಾರಕ್ಕೆ ಸುಮಾರು ಎರಡು ಗಂಟೆಯನ್ನು ಇದಕ್ಕೇ ಕೊಡುತ್ತಿದ್ದೆವು.

ಇಲ್ಲಿ ಎಡವುವ ಒಂದು ಜಾಗ ಇದೆ, ನಾನೂ ಎಡವಿದೆ. ಡಬ್ಬಿ ನೋಡಿದವನು ‘ಒಳ್ಳೆಯ ಡಬ್ಬಿ ಬೇಕು’ ಎಂದುಕೊಂಡೆ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ಆಗಲೇ ಆನ್‌ಲೈನಿನಲ್ಲಿ ಸಿಗುತ್ತದೆ, ನೂರಿನ್ನೂರು ರೂಪಾಯಿಯದು. ನಮ್ಮ ಮನೆಗೂ ಒಂದು ಬಂದಿತ್ತು, ಅಟ್ಟದ ಮೇಲಿತ್ತು. ಕೈಗೆಟುಕುವ ಬೆಲೆಯಲ್ಲಿ ಪರಿಹಾರ ಸಿಗುತ್ತಿದ್ದೂ ಜನ ಅದನ್ನು ಬಳಸುತ್ತಿಲ್ಲವೆಂದರೆ ಅಗತ್ಯ ಇನ್ನೆಲ್ಲೋ ಇದೆ ಎಂದೇ ಅರ್ಥ. ನಮ್ಮ ಮನೆಯಲ್ಲಿ ಡಬ್ಬಿ ಎಂದೂ ಸಮಸ್ಯೆಯಾಗಿರಲಿಲ್ಲ. ಸಮಸ್ಯೆ ಇದ್ದದ್ದು ಭಾನುವಾರ ರಾತ್ರಿ ಅದನ್ನು ತಪ್ಪಿಲ್ಲದೆ ತುಂಬುವುದರಲ್ಲಿ.

ಬೇರೆಯವರನ್ನು ಕೇಳುವ ರೀತಿ

ನನ್ನ ಮನೆಯ ಕೊರತೆ ನನ್ನ ಮನೆಯದೇ ಆಗಿರಬಹುದು. ಹಾಗಾಗಿ ಹತ್ತು ಹದಿನೈದು ಮನೆಯವರ ಜೊತೆ ಮಾತಾಡಲೇಬೇಕು. ಆದರೆ ಕೇಳುವ ಬಗೆಯಲ್ಲಿ ತಪ್ಪಿದರೆ ಸಿಗುವ ಉತ್ತರವೆಲ್ಲ ಸುಳ್ಳಾಗುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಹೇಳುವುದಿಲ್ಲ, ನಮ್ಮ ಮನಸ್ಸು ನೋಯಿಸಬಾರದೆಂದು ಹೇಳುತ್ತಾರೆ.

ನಾನು ಮೊದಲು ಎದುರು ಮನೆಯ ಅಜ್ಜಿಯನ್ನು ಕೇಳಿದ್ದು ಹೀಗೆ: “ಅಜ್ಜಿ, ವಾರಕ್ಕೊಮ್ಮೆ ಯಾರಾದ್ರೂ ಬಂದು ಮಾತ್ರೆ ಜೋಡಿಸಿ ಕೊಟ್ರೆ ಒಳ್ಳೇದಲ್ವಾ?” ಅವರು, “ಓಹೋ, ತುಂಬಾ ಒಳ್ಳೇ ಕೆಲಸ ಕಣಪ್ಪ, ಪುಣ್ಯ ಬರುತ್ತೆ, ಮಾಡು” ಎಂದರು. ಖುಷಿಯಾಯಿತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕೂತಾಗ ಬರೆಯಲು ಏನೂ ಇರಲಿಲ್ಲ. ಅವರ ಹರಕೆ ಸಿಕ್ಕಿತ್ತು, ಅವರ ದಿನಚರಿ ಸಿಕ್ಕಿರಲಿಲ್ಲ.

ಮರುದಿನ ಹಿಂದಿನ ಬೀದಿಯ ನಿವೃತ್ತ ಟೀಚರ್ ಒಬ್ಬರನ್ನು ಬೇರೆ ರೀತಿ ಕೇಳಿದೆ. “ಟೀಚರ್, ನಿನ್ನೆ ರಾತ್ರಿ ಮಾತ್ರೆ ತಗೊಂಡ್ರಲ್ಲ, ಎಲ್ಲಿಂದ ತೆಗೆದ್ರಿ, ಹೇಗೆ ತಗೊಂಡ್ರಿ, ಸ್ವಲ್ಪ ತೋರಿಸ್ತೀರಾ?” ಅವರು ಒಳಗಿನಿಂದ ಬಟ್ಟೆ ಅಂಗಡಿಯ ಕವರ್ ತಂದು ಮಂಚದ ಮೇಲೆ ಸುರಿದರು. ಇಪ್ಪತ್ತಕ್ಕೂ ಹೆಚ್ಚು ಸ್ಟ್ರಿಪ್ ಇದ್ದವು. ಕೆಲವದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸೂರ್ಯ, ಕೆಲವದರ ಮೇಲೆ ಚಂದ್ರ. “ಇದು ಯಾವಾಗಿಂದು?” ಎಂದು ಗುರುತಿಲ್ಲದ ಒಂದನ್ನು ತೋರಿಸಿದೆ. “ಅದಾ, ಹೋದ ಸಲ ಡಾಕ್ಟ್ರು ನಿಲ್ಲಿಸಿ ಅಂದ್ರು. ದುಡ್ಡು ಕೊಟ್ಟಿದ್ದಲ್ವಾ, ಬಿಸಾಕೋಕೆ ಮನಸ್ಸಾಗ್ಲಿಲ್ಲ” ಎಂದರು.

ಎರಡನೆಯ ಪ್ರಶ್ನೆಯಲ್ಲಿ ಕೇಳಿದ್ದು ಆಗಿಹೋದದ್ದನ್ನು, ಅದೂ ಕೊನೆಯ ಸಲ ಆದದ್ದನ್ನು. ಅದರಲ್ಲಿ ನನ್ನ ಯೋಚನೆಯ ಸುಳಿವೇ ಇರಲಿಲ್ಲ. ‘ಹೀಗೆ ಮಾಡಿದರೆ ಕೊಳ್ಳುತ್ತೀರಾ’ ಎಂಬುದಕ್ಕೆ ಬರುವ ‘ಹೌದು’ಗೆ ಬೆಲೆಯಿಲ್ಲ. ‘ಹೋದ ಸಲ ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಬೇರೆ ಏನಾದರೂ ಪ್ರಯತ್ನಿಸಿದಿರಾ’ ಎಂಬುದಕ್ಕೆ ಬರುವ ಉತ್ತರ ನಿಜವಾಗಿರುತ್ತದೆ. ‘ಏನೂ ಪ್ರಯತ್ನಿಸಿಲ್ಲ’ ಎಂಬ ಉತ್ತರವೂ ಬೆಲೆಯುಳ್ಳದ್ದೇ: ಅವರಿಗೆ ಅದು ಅಷ್ಟು ಕಾಡುತ್ತಿಲ್ಲ.

ಹನ್ನೊಂದು ಮನೆಯವರ ಜೊತೆ ಮಾತಾಡಿದೆ. ಮಗ-ಸೊಸೆ ಜೊತೆಗಿರುವ ಐದು ಮನೆಗಳಲ್ಲಿ ಇದು ದೊಡ್ಡ ವಿಷಯವೇ ಆಗಿರಲಿಲ್ಲ. ವಯಸ್ಸಾದವರು ಒಬ್ಬರೇ ಅಥವಾ ಗಂಡ-ಹೆಂಡತಿ ಇಬ್ಬರೇ ಇರುವ ಆರು ಮನೆಗಳಲ್ಲಿ ಒಂದೊಂದರಲ್ಲೂ ಒಂದೊಂದು ಏರ್ಪಾಡು ಸಿಕ್ಕಿತು. ಒಂದು ಮನೆಯಲ್ಲಿ ಕ್ಯಾಲೆಂಡರಿನ ದಿನದ ಚೌಕಗಳ ಮೇಲೆಯೇ ಮಾತ್ರೆಯನ್ನು ಸೆಲ್ಲೊಟೇಪಿನಿಂದ ಅಂಟಿಸಿದ್ದರು. ‘ಎಲ್ಲ ಹಿರಿಯರಿಗೂ’ ಎಂದು ಶುರುಮಾಡಿದ್ದ ನನ್ನ ಯೋಚನೆ ಅಲ್ಲಿಗೆ ‘ಮಕ್ಕಳು ದೂರವಿರುವ ಮನೆಗಳಿಗೆ’ ಎಂದು ಕಿರಿದಾಯಿತು. ಈ ಕಿರಿದಾಗುವಿಕೆ ಒಳ್ಳೆಯದು. ಮಾತುಕತೆ ಮುಗಿದ ಮೇಲೂ ‘ಎಲ್ಲರಿಗೂ ಬೇಕು’ ಎಂದೇ ಉಳಿದರೆ ಕೇಳಿದ್ದು ಸರಿಯಾಗಿಲ್ಲ.

ಇದುವರೆಗೆ ಯಾರೂ ಯಾಕೆ ಮಾಡಿಲ್ಲ

ಅಗತ್ಯ ಇಷ್ಟು ಸ್ಪಷ್ಟವಾಗಿದ್ದೂ ಯಾರೂ ಪೂರೈಸಿಲ್ಲವೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಮೊದಲು ನೋಡಿದವರು ನಾವೇ ಎಂದುಕೊಂಡು ಮುಂದೆ ಹೋದರೆ ಆ ಕಾರಣ ಆರು ತಿಂಗಳ ನಂತರ ಎದುರಾಗುತ್ತದೆ.

ರೆಡ್‌ಬಸ್‌ನ ಕತೆಯಲ್ಲಿ ಗಮನಿಸಬೇಕಾದ ಭಾಗ ಇದು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಫಣೀಂದ್ರ ಸಾಮಾ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಹಬ್ಬಕ್ಕೆ ಟಿಕೆಟ್ ಸಿಗದೆ ಮರಳಿದವರು ಅವರೊಬ್ಬರೇ ಅಲ್ಲ. ಅವರು ಬೇರೆಯಾಗಿ ಮಾಡಿದ್ದೆಂದರೆ, ಟ್ರಾವೆಲ್ ಏಜೆಂಟರ ಬಳಿಗೂ ಬಸ್ ಮಾಲೀಕರ ಬಳಿಗೂ ಮತ್ತೆ ಹೋಗಿ, ಯಾಕೆ ಸಿಗಲಿಲ್ಲ ಎಂದು ತಿಳಿದುಕೊಂಡದ್ದು. ಏಜೆಂಟರು ಮಾಲೀಕರಿಗೆ ಫೋನ್ ಮಾಡಿ ಸೀಟು ಕೇಳಬೇಕಿತ್ತು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಎಲ್ಲವನ್ನೂ ಒಟ್ಟಿಗೆ ನೋಡುವ ಜಾಗವೇ ಇರಲಿಲ್ಲ. ಒಬ್ಬ ಏಜೆಂಟ್ ‘ಇಲ್ಲ’ ಎಂದಾಗಲೂ ಇನ್ನೊಂದು ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಬಹುದು. ಪ್ರಯಾಣಿಕನ ಕಣ್ಣಿಗೆ ಬಸ್ಸಿನ ಕೊರತೆಯಂತೆ ಕಂಡದ್ದು ಒಳಗಿನಿಂದ ನೋಡಿದರೆ ಮಾಹಿತಿಯ ಕೊರತೆ. 2006ರಲ್ಲಿ ಗೆಳೆಯರ ಜೊತೆ ಅವರು ರೆಡ್‌ಬಸ್ ಶುರುಮಾಡಿದ್ದು ಆ ಮಾಹಿತಿಯನ್ನು ಒಂದೆಡೆ ತರಲು. ಹೊಸ ಬಸ್ಸು ಓಡಿಸಲು ಅಲ್ಲ.

ಮಾತ್ರೆಯ ವಿಷಯದಲ್ಲಿ ಆ ಕಾರಣ ತಿಳಿಯಲು ನಾನು ಮೆಡಿಕಲ್ ಸ್ಟೋರಿನಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಅಮೆರಿಕದಲ್ಲಿ 2013ರಲ್ಲಿ ಶುರುವಾದ ಪಿಲ್‌ಪ್ಯಾಕ್ ಎಂಬ ಔಷಧ ಅಂಗಡಿ, ಒಂದು ಹೊತ್ತಿನ ಮಾತ್ರೆಗಳನ್ನೆಲ್ಲ ಒಂದೇ ಪುಟ್ಟ ಪೊಟ್ಟಣದಲ್ಲಿ ಹಾಕಿ, ಮೇಲೆ ದಿನ-ಸಮಯ ಮುದ್ರಿಸಿ ಮನೆಗೆ ಕಳಿಸುತ್ತಿತ್ತು. 2018ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಅದನ್ನೇ ಇಲ್ಲಿ ಮಾಡಿದರಾಗದೇ ಎಂದರೆ, ಅಲ್ಲಿ ಅಂಗಡಿಯವರು ದೊಡ್ಡ ಬಾಟಲಿಯಿಂದ ಮಾತ್ರೆ ಎಣಿಸಿ ಕೊಡುವ ಪದ್ಧತಿ ಮೊದಲಿನಿಂದ ಇದೆ. ನಮ್ಮಲ್ಲಿ ಕಂಪನಿಯಿಂದಲೇ ಸ್ಟ್ರಿಪ್ಪಿನಲ್ಲಿ ಬರುತ್ತದೆ. ಒಡೆದು ತೆಗೆದರೆ ಕೆಲವು ಮಾತ್ರೆಗಳು ಗಾಳಿಯ ತೇವ ಹೀರಿ ಕೆಡುತ್ತವೆ, ಎಕ್ಸ್‌ಪೈರಿ ತಾರೀಕು, ಬ್ಯಾಚ್ ನಂಬರ್ ಸ್ಟ್ರಿಪ್ಪಿನಲ್ಲೇ ಉಳಿದುಹೋಗುತ್ತವೆ. ಅಮ್ಮನ ಒಗ್ಗರಣೆ ಡಬ್ಬಿಯ ದೋಷವೂ ಇದೇ. ಜೊತೆಗೆ ಕಾನೂನಿದೆ. ಔಷಧ ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ವೈದ್ಯರ ಚೀಟಿಗೆ ಔಷಧ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟ್‌ನದು. ಇನ್ನು ಅಂಗಡಿಯವರ ಕಡೆಯಿಂದ ನೋಡಿದರೆ, ಸಂಜೆ ಆರರಿಂದ ಒಂಬತ್ತರವರೆಗೆ ಕೌಂಟರಿನ ಮುಂದೆ ಜನ ನಿಂತಿರುವಾಗ ಒಬ್ಬರಿಗೆ ಇಪ್ಪತ್ತು ನಿಮಿಷ ಕೊಡಲಾಗುವುದಿಲ್ಲ.

ಇಷ್ಟು ತಿಳಿದ ಮೇಲೆ ಯೋಚನೆಯ ಗಡಿ ಕಾಣಿಸಿತು. ಔಷಧ ಕೊಳ್ಳುವುದು, ಮಾರುವುದು, ಬದಲಿಸುವುದು ನಮ್ಮ ಕೆಲಸವಲ್ಲ. ಮನೆಯವರು ತಾವೇ ತಂದಿಟ್ಟ ಮಾತ್ರೆಗಳನ್ನು ಚೀಟಿಯ ಜೊತೆ ತಾಳೆ ನೋಡಿ ವಾರಕ್ಕೆ ಜೋಡಿಸಿಡುವುದು. ಅದಕ್ಕೂ ಡಿ.ಫಾರ್ಮಾ ಓದಿ ನೋಂದಣಿ ಇರುವ ಗೆಳೆಯನನ್ನು ಜೊತೆಗೆ ಕರೆದುಕೊಂಡೆ. ಅವನಿಲ್ಲದಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ತಿಳಿಯದವರು ಕೈ ಹಾಕಿದರೆ ಇನ್ನೊಬ್ಬರ ಜೀವಕ್ಕೆ ಅಪಾಯ ಆಗುವಂಥ ಅಗತ್ಯಗಳಿವೆ. ಅಲ್ಲಿ ಬಲ್ಲವರು ಜೊತೆಗಿಲ್ಲದೆ ಚಿಕ್ಕ ಪ್ರಯೋಗವನ್ನೂ ಮಾಡಬಾರದು.

ಬಳಸುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು

ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬವರ ಮನೆಯಲ್ಲಿ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ತೊಳೆಯುವಾಗ ಅಂಚು ಒಡೆಯುತ್ತಿದ್ದವು. ಅದರಿಂದ ಬೇಸತ್ತು ಅವರು ಪಾತ್ರೆ ತೊಳೆಯುವ ಯಂತ್ರವನ್ನು ಮಾಡಿ 1886ರಲ್ಲಿ ಪೇಟೆಂಟ್ ಪಡೆದರು. ಕೊರತೆ ಕಂಡದ್ದು ಮನೆಯ ಅಡುಗೆಮನೆಯಲ್ಲಿ. ಆದರೆ ಯಂತ್ರವನ್ನು ಮೊದಲು ಕೊಂಡವರು ಹೆಚ್ಚಾಗಿ ಹೋಟೆಲುಗಳು. ದಿನಕ್ಕೆ ನೂರಾರು ತಟ್ಟೆ ತೊಳೆಯಬೇಕಾದವರಿಗೆ ಆ ಬೆಲೆ ಗಿಟ್ಟುತ್ತಿತ್ತು. ಮನೆಗಳಿಗೆ ಅದು ತಲುಪಿದ್ದು ಬಹಳ ವರ್ಷಗಳ ನಂತರ.

ನಮ್ಮ ಆರು ಮನೆಗಳಲ್ಲೂ ಇದೇ ಪ್ರಶ್ನೆ ಬಂತು. ಮಾತ್ರೆ ತೆಗೆದುಕೊಳ್ಳುವವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: “ಇದಕ್ಕೆಲ್ಲ ದುಡ್ಡು ಯಾಕಪ್ಪ, ಹೇಗೋ ಆಗುತ್ತೆ.” ಆದರೆ ಅವರಲ್ಲೊಬ್ಬರ, ಬೆಂಗಳೂರಿನಲ್ಲಿರುವ ಮಗಳು ಪ್ರತಿ ಭಾನುವಾರ ರಾತ್ರಿ ವಿಡಿಯೋ ಕಾಲಿನಲ್ಲಿ ಒಂದೊಂದೇ ಸ್ಟ್ರಿಪ್ ಎತ್ತಿ ಹಿಡಿಸಿ ನೋಡುತ್ತಿದ್ದಳು. ಆ ನಲವತ್ತು ನಿಮಿಷ ಅವಳದು, ವಾರವಿಡೀ ಇರುವ ಆತಂಕವೂ ಅವಳದೇ. ಹಣ ಕೊಡಲು ಸಿದ್ಧಳಿದ್ದವಳು ಅವಳು. ಹಾಗಾಗಿ ಮಾರಬೇಕಾದ್ದು ಮಾತ್ರೆ ಜೋಡಿಸುವ ಕೆಲಸವನ್ನಲ್ಲ. ಭಾನುವಾರ ರಾತ್ರಿ ಅವಳ ಮೊಬೈಲಿಗೆ ಬರುವ, ತುಂಬಿದ ಡಬ್ಬಿಯ ಒಂದು ಫೋಟೊವನ್ನು.

ಕೈಯಲ್ಲೇ ಮಾಡಿ ನೋಡುವುದು

ಯೋಚನೆ ಇಷ್ಟು ಹದಕ್ಕೆ ಬಂದ ಮೇಲೆ ಸಾಲ, ಅಂಗಡಿ, ಬೋರ್ಡು, ಆ್ಯಪ್ ಯಾವುದಕ್ಕೂ ಕೈ ಹಾಕದೆ, ನಾಲ್ಕಾರು ಮನೆಗಳಲ್ಲಿ ಕೈಯಿಂದಲೇ ಮಾಡಿ ನೋಡಬೇಕು. ಒಂದೇ ಷರತ್ತು, ಬಿಟ್ಟಿ ಮಾಡಬಾರದು. ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನಲು ಯಾರಿಗೂ ಕಾರಣವಿರುವುದಿಲ್ಲ, ಆದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ಆರು ಮನೆಗಳ ಮಕ್ಕಳಿಗೆ ಫೋನ್ ಮಾಡಿ, ತಿಂಗಳಿಗೆ 400 ರೂಪಾಯಿ, ಮುಂಗಡ ಎಂದೆವು. ಎಲ್ಲರೂ ‘ಒಳ್ಳೇ ಯೋಚನೆ’ ಎಂದರು, ನಾಲ್ವರು ಹಣ ಕಳಿಸಿದರು. ಲೆಕ್ಕಕ್ಕೆ ಹಿಡಿಯಬೇಕಾದ್ದು ನಾಲ್ಕು.

ಕೆಲಸ ಹೀಗಿತ್ತು. ಭಾನುವಾರ ಬೆಳಿಗ್ಗೆ ಗೆಳೆಯ ಮನೆಗೆ ಹೋಗಿ, ಇತ್ತೀಚಿನ ಚೀಟಿಯನ್ನು ಮುಂದಿಟ್ಟುಕೊಂಡು, ಮಾತ್ರೆಯನ್ನು ಒಡೆಯದೆ ಅದರ ಫಾಯಿಲ್ ಸಮೇತ ಕತ್ತರಿಸಿ ವಾರದ ಖಾನೆಗಳಿಗೆ ಹಾಕುತ್ತಿದ್ದ. ಹೆಸರು, ತಾರೀಕು ಇರುವ ತುದಿಯನ್ನು ಕೊನೆಗೆ ಬಳಸಲು ಎತ್ತಿಡುತ್ತಿದ್ದ. ಹಿಂದಿನ ವಾರದ ಖಾನೆಯಲ್ಲಿ ಏನಾದರೂ ಉಳಿದಿದ್ದರೆ ಬರೆದುಕೊಂಡು, ಫೋಟೊ ತೆಗೆದು ಮಕ್ಕಳಿಗೆ ಕಳಿಸುತ್ತಿದ್ದ. ಸಂದೇಹ ಬಂದರೆ ಡಾಕ್ಟರಿಗೆ ಫೋನ್ ಮಾಡಿ ಕೇಳುವುದಷ್ಟೇ, ತಾನಾಗಿ ಏನನ್ನೂ ಬದಲಿಸುವಂತಿರಲಿಲ್ಲ.

ಎರಡು ತಿಂಗಳಲ್ಲಿ ಗೊತ್ತಾದದ್ದರಲ್ಲಿ ನಾನು ಊಹಿಸಿರದಿದ್ದ ಒಂದು ಸಂಗತಿ ಇದೆ. ಮಾಮೂಲಿ ವಾರಗಳಲ್ಲಿ ತಪ್ಪು ಅಪರೂಪ. ತಪ್ಪಾಗುತ್ತಿದ್ದದ್ದು ಡಾಕ್ಟರ ಹತ್ತಿರ ಹೋಗಿ ಬಂದ ಮರುದಿನ. ಹೊಸ ಚೀಟಿಯಲ್ಲಿ ಒಂದು ಮಾತ್ರೆ ನಿಂತಿರುತ್ತದೆ, ಒಂದರ ಪ್ರಮಾಣ ಬದಲಾಗಿರುತ್ತದೆ, ಆದರೆ ಡಬ್ಬಿಯಲ್ಲಿ ಹಳೆಯದೇ ತುಂಬಿರುತ್ತದೆ. ಟೀಚರ್ ಮನೆಯ ಮಂಚದ ಮೇಲೆ ನೋಡಿದ್ದ, ಗುರುತಿಲ್ಲದ ಆ ಸ್ಟ್ರಿಪ್ ಮೊದಲ ದಿನವೇ ಇದನ್ನು ಹೇಳಿತ್ತು, ನನಗೆ ಆಗ ಅರ್ಥವಾಗಿರಲಿಲ್ಲ. ಆಮೇಲೆ ವಾರದ ಭೇಟಿಯ ಜೊತೆ ‘ಡಾಕ್ಟರ ಭೇಟಿಯ ಸಂಜೆ’ ಎಂಬ ಇನ್ನೊಂದು ಭೇಟಿ ಸೇರಿಸಿದೆವು. ಒಂದು ಮನೆಯವರು ಎರಡನೆಯ ತಿಂಗಳಿಗೆ ನಿಲ್ಲಿಸಿದರು, ಅವರ ಮಗಳು ಊರಿಗೇ ವರ್ಗವಾಗಿ ಬಂದಳು. ಇಂಥ ಕಾರಣಕ್ಕೆ ನಿಂತರೆ ಯೋಚನೆಯಲ್ಲಿ ದೋಷವಿಲ್ಲ. ‘ಇರಲಿ ಬಿಡಿ, ನಾವೇ ಹೇಗೋ ನೋಡ್ಕೋತೀವಿ’ ಎಂದು ನಿಲ್ಲಿಸಿದರೆ ದೋಷವಿದೆ: ನಾವು ಕೊಟ್ಟದ್ದು ಅವರ ಹಳೆಯ ಉಪಾಯಕ್ಕಿಂತ ಮೇಲಾಗಿಲ್ಲ.

ಒಂದು ಹಾಳೆಯ ಲೆಕ್ಕ

ಕೊನೆಯ ಪ್ರಶ್ನೆ ಇದು ಒಬ್ಬರ ಹೊಟ್ಟೆ ಹೊರೆಯುತ್ತದೆಯೇ ಎಂಬುದು. ಪ್ರಯೋಗದಲ್ಲಿ ಗಡಿಯಾರ ನೋಡಿ ಬರೆದ ಸಮಯ ಇದ್ದರೆ ಈ ಲೆಕ್ಕಕ್ಕೆ ಒಂದು ಹಾಳೆ ಸಾಕು.

ಒಂದು ಭೇಟಿಗೆ ಮನೆಯೊಳಗೆ 25 ನಿಮಿಷ, ಓಡಾಟಕ್ಕೆ 15, ಒಟ್ಟು 40 ನಿಮಿಷ. ತಿಂಗಳಿಗೆ ನಾಲ್ಕು ವಾರದ ಭೇಟಿ, ಸರಾಸರಿ ಒಂದು ಡಾಕ್ಟರ ದಿನದ ಭೇಟಿ, ಅಲ್ಲಿಗೆ ಒಂದು ಮನೆಗೆ 200 ನಿಮಿಷ. ಭಾನುವಾರವೊಂದೇ ಸಾಲದು, ಮನೆಗಳನ್ನು ವಾರದ ಬೇರೆ ಬೇರೆ ದಿನಗಳಿಗೆ ಹಂಚಬೇಕು. ದಿನಕ್ಕೆ 6 ಗಂಟೆಯಂತೆ 25 ದಿನ ದುಡಿದರೆ 9,000 ನಿಮಿಷ, ಅಂದರೆ 45 ಮನೆ. ತಲಾ 400ರಂತೆ 18,000 ರೂಪಾಯಿ. ಪೆಟ್ರೋಲು, ಫೋನು, ಡಬ್ಬಿ ಎಂದು 2,500 ಕಳೆದರೆ 15,500. ಓದಿದ, ಹೊಣೆ ಹೊರುವ ಒಬ್ಬರಿಗೆ ಇದು ಕಡಿಮೆ. ನಾನೂ ಸೇರಿದರೆ ಇಬ್ಬರಿಗೆ ಏನೇನೂ ಸಾಲದು.

ಇದೇ ಹಾಳೆಯಲ್ಲಿ ಏನು ಬದಲಾಗಬೇಕೆಂಬುದೂ ಕಾಣುತ್ತದೆ. ಮನೆಯೊಳಗಿನ 25 ನಿಮಿಷವನ್ನು ಕಡಿಮೆ ಮಾಡಲು ಹೋದರೆ ತಪ್ಪು ಹೆಚ್ಚುತ್ತದೆ, ಅದನ್ನು ಮುಟ್ಟಬಾರದು. ಓಡಾಟದ 15ನ್ನು 5ಕ್ಕೆ ಇಳಿಸಿದರೆ ಒಂದು ಮನೆಗೆ 150 ನಿಮಿಷ, ತಿಂಗಳಿಗೆ 60 ಮನೆ, 24,000 ರೂಪಾಯಿ. ಅದಕ್ಕೆ ಮನೆಗಳೆಲ್ಲ ಒಂದೇ ಬಡಾವಣೆಯಲ್ಲಿರಬೇಕು. ಊರಿನ ನಾಲ್ಕು ಮೂಲೆಯಿಂದ ಬರುವ ಗಿರಾಕಿಗಳಿಗೆ ‘ಈಗ ಬೇಡ’ ಎನ್ನಬೇಕಾಗುತ್ತದೆ. ಇನ್ನೊಂದು ದಾರಿ 600 ರೂಪಾಯಿ ಕೇಳುವುದು. ಈಗಿರುವ ಮೂರು ಮನೆಗಳಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಯೋಚಿಸಿ ಹೇಳುತ್ತೇವೆಂದಿದ್ದಾರೆ. ಮುಂದಿನ ತಿಂಗಳಿನಿಂದ ನಮ್ಮದೇ ಬಡಾವಣೆಯಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಹತ್ತು ಮನೆ 600 ರೂಪಾಯಿ ಮುಂಗಡ ಕೊಡುತ್ತವೆಯೇ ಎಂದು ನೋಡುತ್ತಿದ್ದೇವೆ. ಮೂರು ತಿಂಗಳಲ್ಲಿ ಹತ್ತು ಆಗದಿದ್ದರೆ ನಿಲ್ಲಿಸುವುದೆಂದು ಆ ಹಾಳೆಯ ಕೆಳಗೆ ಇಬ್ಬರೂ ಬರೆದು ತಾರೀಕು ಹಾಕಿದ್ದೇವೆ.